ಮೂರು ತಿಂಗಳಿಗೆ ₹99, ಆಮೇಲೆ ಎಷ್ಟು? ಪತ್ರಿಕೆಯ ಡಿಜಿಟಲ್ ಚಂದಾ ಬಗ್ಗೆ ಒಂದು ಪ್ರಶ್ನೆ

ಸರಸ್ವತಿಪುರಂ ಮೇಷ್ಟ್ರು (ಭಾನುವಾರ, ಬೆಳಿಗ್ಗೆ 7:10)

ಪಾವತಿಯ ಪುಟವನ್ನು ತೆರೆದಿಟ್ಟುಕೊಂಡೇ ಬರೆಯುತ್ತಿದ್ದೇನೆ. ಒಂದು ಇಂಗ್ಲಿಷ್ ದಿನಪತ್ರಿಕೆಯ ಡಿಜಿಟಲ್ ಚಂದಾ. ದಪ್ಪಕ್ಷರದಲ್ಲಿ ‘ಮೂರು ತಿಂಗಳಿಗೆ ₹99’, ಪಕ್ಕದಲ್ಲಿ ಗೆರೆ ಹೊಡೆದ ₹897, ಅದರ ಕೆಳಗೆ ಕೆಂಪು ಗುಂಡಿ. ಗುಂಡಿಗೂ ಕೆಳಗೆ, ಕನ್ನಡಕ ಹಾಕಿದರೂ ಮೊಬೈಲನ್ನು ಮೂಗಿನ ಹತ್ತಿರ ತರಬೇಕಾದಷ್ಟು ತೆಳುವಾದ ಬೂದು ಅಕ್ಷರದಲ್ಲಿ ಒಂದು ಸಾಲು: ಅವಧಿ ಮುಗಿದ ಮೇಲೆ ಆಗ ಜಾರಿಯಲ್ಲಿರುವ ದರದಲ್ಲಿ ತಾನಾಗಿಯೇ ನವೀಕರಣವಾಗುತ್ತದೆಯಂತೆ. ಆ ದರ ಎಷ್ಟು ಎಂಬುದು ಮಾತ್ರ ಪುಟದಲ್ಲಿ ಎಲ್ಲೂ ಇಲ್ಲ.

ಹೋದ ವರ್ಷ ಬೇರೊಂದು ಪತ್ರಿಕೆಗೆ ಒಂದು ರೂಪಾಯಿ ಕೊಟ್ಟು ಸೇರಿದ್ದೆ. ತಿಂಗಳು ತುಂಬಿದ ಮೇಲೆ ಪಿಂಚಣಿ ಖಾತೆಯಿಂದ ₹1,999 ಹೋಯಿತು. ಅಂದಿನಿಂದ ಹಾಲಿನ ಲೆಕ್ಕದಲ್ಲಿ ಎರಡು ರೂಪಾಯಿ ಹೆಚ್ಚುಕಡಿಮೆಯಾದರೂ ನಮ್ಮ ಮನೆಯವರು ‘ಒಂದು ರೂಪಾಯಿಗೆ ಪೇಪರ್ ತರಿಸಿದವರಲ್ಲವೇ ನೀವು’ ಎಂದು ಚುಚ್ಚುತ್ತಾರೆ. ಆದ್ದರಿಂದ ಈ ಸಲ ಗುಂಡಿ ಒತ್ತುವ ಮೊದಲೇ ಕೇಳುತ್ತಿದ್ದೇನೆ. ನಾಲ್ಕನೆಯ ತಿಂಗಳಲ್ಲಿ ನನ್ನಿಂದ ಎಷ್ಟು ಹಣ ಕೀಳುತ್ತಾರೆ ಎಂಬುದನ್ನು ಇವತ್ತೇ ತಿಳಿಯಲು ದಾರಿ ಇದೆಯೇ?

ಚಾಮುಂಡಿ ಮೆಟ್ಟಿಲು (7:32)

ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಸರ್. ಹಣ ಕಡಿತವಾಗುವ 24 ಗಂಟೆ ಮೊದಲು ಸಂದೇಶ ಕಳುಹಿಸಲೇಬೇಕು ಎಂದು ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ಸಂದೇಶದಲ್ಲಿ ಮೊತ್ತವೂ ಇರುತ್ತದೆ. ಹೆಚ್ಚು ಎನಿಸಿದರೆ ರದ್ದು ಮಾಡಿ, ಮುಗಿಯಿತು. ಮೂರು ತಿಂಗಳು 99 ರೂಪಾಯಿಗೆ ಓದಿಕೊಳ್ಳಿ.

ಕಬ್ಬಿನೂರಿನವಳು (8:05)

ನಮ್ಮ ಮಂಡ್ಯದಲ್ಲೂ ಇದೇ ಕಥೆ. ಪೇಪರ್ ಹಾಕುವ ಹುಡುಗ ಹೋದ ತಿಂಗಳಿನಿಂದ ಮನೆಗೆ ತಲುಪಿಸುವುದಕ್ಕೆಂದು ಬೇರೆ ಹಣ ಸೇರಿಸಿ ಚೀಟಿ ಕೊಡುತ್ತಿದ್ದಾನೆ. ಕೇಳಿದರೆ ಏಜೆಂಟರನ್ನು ಕೇಳಿ ಎನ್ನುತ್ತಾನೆ, ಏಜೆಂಟರು ಫೋನ್ ಎತ್ತುವುದಿಲ್ಲ. ಮಳೆಗಾಲದಲ್ಲಿ ಅರ್ಧ ಪೇಪರ್ ಒದ್ದೆ. ಬೆಲೆ ಮುಖಪುಟದ ಮೇಲೆಯೇ ಅಚ್ಚಾಗಿರುತ್ತದಲ್ಲ, ಅದಕ್ಕಿಂತ ಹೆಚ್ಚು ಕೇಳುವ ಹಾಗಿದೆಯೇ?

ಸರಸ್ವತಿಪುರಂ ಮೇಷ್ಟ್ರು (8:20)

ಅಮ್ಮ, ನಾನು ಕೇಳಿದ್ದು ಮೊಬೈಲಿನಲ್ಲಿ ಓದುವ ಪತ್ರಿಕೆಯ ಬಗ್ಗೆ. ಆದರೂ ನೀವು ಹೇಳಿದ್ದು ನನಗೆ ನಾಟಿತು. ಅಚ್ಚಿನ ಪತ್ರಿಕೆಯ ಬೆಲೆ ಮುಖಪುಟದಲ್ಲಿ ಇರುತ್ತದೆ. ಇದರ ಬೆಲೆಯನ್ನು ದುರ್ಬೀನು ಹಾಕಿ ಹುಡುಕಬೇಕಾಗಿದೆ.

ಲೆಡ್ಜರ್ ಪುಟ (9:15)

ಬ್ಯಾಂಕಿನ ಕಾರ್ಡ್ ವಿಭಾಗದಲ್ಲಿ ಇದ್ದವನು ನಾನು, ಈಗ ಮಂಡ್ಯದಲ್ಲಿ ನಿವೃತ್ತ. ಮೊದಲು ಮೆಟ್ಟಿಲಿನವರ ಮಾತು. ನಿಯಮ ಇರುವುದು ನಿಜ. 2021ರ ಅಕ್ಟೋಬರ್ 1ರಿಂದ ಇಂಥ ಮರುಕಳಿಸುವ ಪಾವತಿಗಳಿಗೆ ಅದು ಬಿಗಿಯಾಗಿ ಜಾರಿಯಲ್ಲಿದೆ. ಕನಿಷ್ಠ 24 ಗಂಟೆ ಮೊದಲು ಯಾರು, ಎಷ್ಟು, ಯಾವತ್ತು ಕಡಿತ ಮಾಡುತ್ತಾರೆ ಎಂದು ತಿಳಿಸಬೇಕು. ಆದರೆ ಅದನ್ನೇ ನೆಚ್ಚಿಕೊಂಡು ಕೂರುವುದು ಜಾಣತನವಲ್ಲ. ಆ ಸಂದೇಶ ಬರುವುದು ಬ್ಯಾಂಕಿನಲ್ಲಿ ನೋಂದಾಯಿಸಿದ ಸಂಖ್ಯೆಗೆ ಅಥವಾ ಇಮೇಲ್‌ಗೆ. ಎಷ್ಟೋ ಪಿಂಚಣಿದಾರರ ಖಾತೆಯಲ್ಲಿ ಇರುವುದು ಮಗನ ಹಳೆಯ ಸಂಖ್ಯೆ. ಮದುವೆಮನೆಯಲ್ಲಿ ಇದ್ದೀರಿ, ನೂರು ಜಾಹೀರಾತು ಸಂದೇಶಗಳ ನಡುವೆ ಅದೂ ಒಂದು ಬಂತು ಎಂದುಕೊಳ್ಳಿ. ನೋಡುವ ಹೊತ್ತಿಗೆ ಹಣ ಹೋಗಿರುತ್ತದೆ. ಇನ್ನೊಂದು ವಿಷಯ. ₹15,000ದ ಒಳಗಿನ ಕಂತಿಗೆ ಮತ್ತೆ ಒಟಿಪಿ ಕೇಳುವುದಿಲ್ಲ. ನೀವು ಸುಮ್ಮನಿದ್ದರೆ ಒಪ್ಪಿಗೆ ಎಂದೇ ಅರ್ಥ.

ಮೇಷ್ಟ್ರು ಕೇಳಿದ್ದು ಬೇರೆ: ಇವತ್ತೇ ತಿಳಿಯಬಹುದೇ ಎಂದು. ಬಹುಮಟ್ಟಿಗೆ ತಿಳಿಯಬಹುದು. ಪತ್ರಿಕೆಯ ಪುಟದಲ್ಲಿ ಅಲ್ಲ, ಅದರ ಮುಂದಿನ ಪರದೆಯಲ್ಲಿ. ಕೆಂಪು ಗುಂಡಿ ಒತ್ತಿ ಯುಪಿಐ ಆರಿಸಿಕೊಳ್ಳಿ. ನಿಮ್ಮ ಯುಪಿಐ ಆ್ಯಪ್ ತೆರೆದು ಸ್ವಯಂ ಪಾವತಿಗೆ ಒಪ್ಪಿಗೆ ಕೇಳುವ ಪರದೆ ಬರುತ್ತದೆ. ಪಿನ್ ಹಾಕುವವರೆಗೆ ಒಂದು ಪೈಸೆಯೂ ಹೋಗುವುದಿಲ್ಲ, ಹೆದರಬೇಡಿ. ಆ ಪರದೆಯಲ್ಲಿ ಏನಿದೆ ಎಂದು ಇಲ್ಲಿ ಅಕ್ಷರಶಃ ಬರೆಯಿರಿ. ಮೊತ್ತ, ಎಷ್ಟು ದಿನಕ್ಕೊಮ್ಮೆ, ಕೊನೆಯ ದಿನಾಂಕ, ಈ ಮೂರು ಬೇಕು.

ಸರಸ್ವತಿಪುರಂ ಮೇಷ್ಟ್ರು (9:48)

ಎದೆ ಗಟ್ಟಿ ಮಾಡಿಕೊಂಡು ಒತ್ತಿದೆ. ಮೇಲೆ ಪತ್ರಿಕೆಯ ಹೆಸರಿಲ್ಲ, ಯಾವುದೋ ಪಾವತಿ ಸಂಸ್ಥೆಯ ಹೆಸರಿದೆ. ‘ಇಂದು ಪಾವತಿ ₹99’ ಎಂದಿದೆ. ಅದರ ಕೆಳಗೆ `Up to ₹5,000`. ಅವಧಿಯ ಮುಂದೆ `As presented`. ಕೊನೆಯ ದಿನಾಂಕ ಮೂವತ್ತು ವರ್ಷದ ಆಚೆಗೆ ಇದೆ. ಅಷ್ಟು ವರ್ಷ ಪತ್ರಿಕೆ ಓದುವ ಆಯುಷ್ಯವನ್ನು ಅವರೇ ನನಗೆ ಕೊಟ್ಟಿದ್ದಾರೆ.

ಐದು ಸಾವಿರ! ಪಿನ್ ಹಾಕದೆ ಹಿಂದಕ್ಕೆ ಬಂದುಬಿಟ್ಟೆ.

ಗಂಗೋತ್ರಿ ಓದುಗ (9:55)

ನೋಡಿದಿರಾ ಸರ್, ಮೂರು ತಿಂಗಳ ನಂತರ 5,000 ಕಡಿತ ಮಾಡುತ್ತಾರೆ. ಇದು ಹಗಲುದರೋಡೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನಾವು ನಾಲ್ವರು ಇದೇ ಪತ್ರಿಕೆಯನ್ನು ತೆಗೆದುಕೊಳ್ಳಬೇಕೆಂದಿದ್ದೆವು. ಇನ್ನು ಬೇಡ.

ಲೆಡ್ಜರ್ ಪುಟ (10:20)

ಅಲ್ಲ ತಮ್ಮ. 5,000 ಎನ್ನುವುದು ಬೆಲೆಯಲ್ಲ, ಮಿತಿ. ‘ಇದಕ್ಕಿಂತ ಹೆಚ್ಚು ಕಡಿತ ಮಾಡುವಂತಿಲ್ಲ’ ಎಂದು ಬ್ಯಾಂಕಿಗೆ ನೀವು ಹೇಳುವ ಮಾತು ಅದು. ಆ ಮಿತಿಯ ಒಳಗೆ 300 ಬೇಕಾದರೂ ಕೇಳಬಹುದು, 3,000 ಬೇಕಾದರೂ ಕೇಳಬಹುದು. ಪತ್ರಿಕೆಯವರು ಮಿತಿಯನ್ನು ಎತ್ತರದಲ್ಲಿ ಇಡುವುದಕ್ಕೆ ಕಾರಣ ಇದೆ. ಮುಂದೆ ದರ ಏರಿಸಿದಾಗ ಹೊಸ ಮೊತ್ತ ಮಿತಿಯನ್ನು ದಾಟಿದರೆ ನಿಮ್ಮಿಂದ ಮತ್ತೊಮ್ಮೆ ಒಪ್ಪಿಗೆ ಪಡೆಯಬೇಕಾಗುತ್ತದೆ. ಹಾಗೆ ಕೇಳಿದಾಗ ಅರ್ಧ ಜನ ಎದ್ದು ಹೋಗುತ್ತಾರೆ. ಮಿತಿ ದೊಡ್ಡದಿದ್ದರೆ ಕೇಳುವ ಗೋಜೇ ಇಲ್ಲ.

`As presented` ಎಂದರೆ ನಿಗದಿತ ಗಡುವಿಲ್ಲ, ಅವರು ಬಿಲ್ ಮುಂದಿಟ್ಟಾಗ ಎಂದು. ಇದೇ ಜಾಗದಲ್ಲಿ ತಿಂಗಳು ಎಂದೋ ವರ್ಷ ಎಂದೋ ಇದ್ದಿದ್ದರೆ, ಮೊತ್ತದ ಮುಂದೆ ‘ಅಷ್ಟೇ’ ಎನ್ನುವ ಅರ್ಥದ `Exact` ಇದ್ದಿದ್ದರೆ, ಮುಂದಿನ ಕಂತು ನಿಮಗೆ ಇಲ್ಲೇ ತಿಳಿಯುತ್ತಿತ್ತು. ಕೆಲವು ಪತ್ರಿಕೆಗಳು ಹಾಗೆ ನೇರವಾಗಿಯೇ ಇಡುತ್ತವೆ. ನಿಮ್ಮದು ಹಾಗಿಲ್ಲ. ಆದ್ದರಿಂದ ಈ ಪರದೆಯಿಂದ ನಿಮಗೆ ತಿಳಿದದ್ದು ಇಷ್ಟು: ಬೆಲೆ ಗೊತ್ತಿಲ್ಲ, ಆದರೆ 5,000ದವರೆಗೆ ಏರಿಸಲು ಜಾಗ ಇಟ್ಟುಕೊಂಡಿದ್ದಾರೆ. ಅದೂ ಒಂದು ತಿಳಿವಳಿಕೆಯೇ.

ಬೆಲೆಯನ್ನು ಬೇರೆ ಕಡೆ ಹುಡುಕಬೇಕು. ಆ ಕೆಲಸ ಪ್ರಸರಣ ವಿಭಾಗದಲ್ಲಿ ಇದ್ದವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಇಲ್ಲಿ ಒಬ್ಬರು ಇದ್ದಾರಲ್ಲವೇ?

ಹಳೆಯ ಪ್ರಸರಣ (11:40)

ಇದ್ದೇನೆ. ಭಾನುವಾರದ ದೋಸೆ ಮುಗಿಸಿ ಬಂದೆ.

ಗೆರೆ ಹೊಡೆದ ₹897 ನೋಡಿ ಎಲ್ಲರೂ ‘ಓಹೋ, ಆಮೇಲೆ 897 ಇರಬೇಕು’ ಎಂದುಕೊಳ್ಳುತ್ತಾರೆ. ಮೂರರಿಂದ ಭಾಗಿಸಿದರೆ ತಿಂಗಳಿಗೆ 299. ಆದರೆ ಗೆರೆ ಹೊಡೆದ ಬೆಲೆ ಹೋಲಿಕೆಗೆ ಇಟ್ಟ ಬೆಲೆ, ನವೀಕರಣದ ಬೆಲೆ ಎಂದು ಯಾರೂ ಮಾತು ಕೊಟ್ಟಿಲ್ಲ. ಕೊಡುಗೆಯ ಪುಟ ಮಾಡುವವರು ಒಂದು ತಂಡ, ದರ ನಿಗದಿ ಮಾಡುವವರು ಇನ್ನೊಂದು ತಂಡ. ದರ ಏರಿದ ಮೇಲೂ ಹಳೆಯ ಅಂಕಿಗೆ ಗೆರೆ ಹೊಡೆದುಕೊಂಡು ಪುಟ ತಿಂಗಳುಗಟ್ಟಲೆ ಹಾಗೆಯೇ ಇದ್ದದ್ದನ್ನು ನಾನೇ ನೋಡಿದ್ದೇನೆ.

ಮೇಷ್ಟ್ರೇ, ಹೀಗೆ ಮಾಡಿ. ಬ್ರೌಸರ್‌ನಲ್ಲಿ ಖಾಸಗಿ ಕಿಟಕಿ ತೆರೆದು, ಲಾಗಿನ್ ಆಗದೆ ಪತ್ರಿಕೆಯ ಮುಖ್ಯ ಪುಟಕ್ಕೆ ಹೋಗಿ. ಜಾಹೀರಾತಿನ ಕೊಂಡಿಯಿಂದ ಹೋಗಬೇಡಿ, ಆ ಕೊಂಡಿ ಮತ್ತೆ ಕೊಡುಗೆಯ ಪುಟಕ್ಕೇ ಎಳೆದೊಯ್ಯುತ್ತದೆ. ಅಲ್ಲಿ ಎಲ್ಲ ಯೋಜನೆಗಳನ್ನು ತೋರಿಸು ಎನ್ನುವ ಸಣ್ಣ ಕೊಂಡಿ ಇರುತ್ತದೆ. ಅದರಲ್ಲಿ ಕೊಡುಗೆ ಇಲ್ಲದ ತ್ರೈಮಾಸಿಕ ಯೋಜನೆಯ ಬೆಲೆ ನೋಡಿ. ‘ಆಗ ಜಾರಿಯಲ್ಲಿರುವ ದರ’ ಎಂದರೆ ಸಾಮಾನ್ಯವಾಗಿ ಅದೇ. ಆಮೇಲೆ ಸಹಾಯದ ಪುಟದಲ್ಲಿ ನವೀಕರಣದ ಬಗ್ಗೆ ಏನಿದೆ ನೋಡಿ. ಎರಡೂ ಹೊಂದದಿದ್ದರೆ ಗ್ರಾಹಕ ಸೇವೆಗೆ ಒಂದೇ ಸಾಲಿನ ಇಮೇಲ್ ಹಾಕಿ: ‘₹99 ಕೊಡುಗೆಯಲ್ಲಿ ಇಂದು ಸೇರಿದರೆ ಮುಂದಿನ ಕಂತು ಎಷ್ಟು ರೂಪಾಯಿ, ತೆರಿಗೆ ಸೇರಿದೆಯೇ, ಯಾವ ದಿನಾಂಕ?’ ಫೋನ್ ಮಾಡಬೇಡಿ. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ.

ಚಾಮುಂಡಿ ಮೆಟ್ಟಿಲು (11:52)

ಇಷ್ಟೆಲ್ಲ ಸಾಹಸ ಏಕೆ? ಎಂಬತ್ತೊಂಬತ್ತನೆಯ ದಿನ ಆ್ಯಪ್ ಅಳಿಸಿಬಿಟ್ಟರೆ ಆಯಿತು.

ಹಳೆಯ ಪ್ರಸರಣ (11:58)

ಆ್ಯಪ್ ಅಳಿಸಿದರೆ ನಿಮ್ಮ ಮೊಬೈಲಿನಲ್ಲಿ ಜಾಗ ಉಳಿಯುತ್ತದೆ, ಹಣ ಉಳಿಯುವುದಿಲ್ಲ. ಚಂದಾ ಇರುವುದು ಅವರ ಸರ್ವರಿನಲ್ಲಿ, ಒಪ್ಪಿಗೆ ಇರುವುದು ನಿಮ್ಮ ಬ್ಯಾಂಕಿನಲ್ಲಿ. ನಿಜ ಹೇಳಬೇಕೆಂದರೆ, ಆ್ಯಪ್ ಅಳಿಸಿ ಚಂದಾ ಮರೆತವರಷ್ಟು ಒಳ್ಳೆಯ ಗ್ರಾಹಕರು ಪ್ರಸರಣ ವಿಭಾಗಕ್ಕೆ ಬೇರೆ ಯಾರೂ ಇರಲಿಲ್ಲ.

ಸರಸ್ವತಿಪುರಂ ಮೇಷ್ಟ್ರು (ಸೋಮವಾರ, ಸಂಜೆ 5:30)

ಹೇಳಿದ ಹಾಗೆಯೇ ಮಾಡಿದೆ. ಕೊಡುಗೆ ಇಲ್ಲದ ಪುಟದಲ್ಲಿ ತ್ರೈಮಾಸಿಕ ಯೋಜನೆಗೆ ₹1,047 ಇದೆ. ಅಂದರೆ ತಿಂಗಳಿಗೆ 349. ಗೆರೆ ಹೊಡೆದ 897 ಯಾವ ಕಾಲದ್ದೋ ಆ ದೇವರಿಗೇ ಗೊತ್ತು. ಅದೇ ಪುಟದಲ್ಲಿ ವಾರ್ಷಿಕ ಯೋಜನೆ ₹2,499. ಇಮೇಲ್‌ಗೂ ಉತ್ತರ ಬಂತು: ಮುಂದಿನ ಕಂತು ₹1,047, ತೆರಿಗೆ ಸೇರಿ, ‘ದರ ಬದಲಾಗಬಹುದು’. ಕೊನೆಯ ಮಾತನ್ನು ಅವರು ಬಿಡುವುದಿಲ್ಲವಲ್ಲ.

ಮೇಷ್ಟ್ರ ಚಪಲ, ಹಳೆಯ ಡೈರಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಮೂರು ತಿಂಗಳಿಗೆ 99. ಆರು ತಿಂಗಳಿಗೆ 1,146. ಒಂಬತ್ತು ತಿಂಗಳಿಗೆ 2,193. ವರ್ಷ ಪೂರ್ತಿ ಓದಿದರೆ 3,240. ಮೊದಲ ದಿನವೇ ವಾರ್ಷಿಕ ಯೋಜನೆ ತೆಗೆದುಕೊಂಡಿದ್ದರೆ 2,499ಕ್ಕೆ ಮುಗಿಯುತ್ತಿತ್ತು. ಎಂದರೆ 99 ರೂಪಾಯಿಯ ಕೊಡುಗೆ ಹಿಡಿದು ವರ್ಷವಿಡೀ ಓದಿದವನು 741 ರೂಪಾಯಿ ಹೆಚ್ಚು ತೆರುತ್ತಾನೆ. ಎರಡನೆಯ ವರ್ಷ ಇನ್ನೂ ಚಂದ, ನಾಲ್ಕು ಕಂತು ಸೇರಿ 4,188.

ಗಂಗೋತ್ರಿ ಓದುಗ (6:02)

ಸರ್, ನನ್ನ ಲೆಕ್ಕ ಬೇರೆಯಾಗುತ್ತದೆ. ಪರೀಕ್ಷೆಗೆ ನನಗೆ ಎಂಟು ತಿಂಗಳು ಸಾಕು. ಎಂಟು ತಿಂಗಳಿಗೆ ಎಂದು ಯೋಜನೆ ಇಲ್ಲ, ಮೂರು ಕಂತು ಕಟ್ಟಲೇಬೇಕು, 2,193. ಒಂಬತ್ತನೆಯ ತಿಂಗಳು ಸುಮ್ಮನೆ ಹೋಗುತ್ತದೆ. ಆದರೂ ವಾರ್ಷಿಕಕ್ಕಿಂತ 306 ರೂಪಾಯಿ ಕಡಿಮೆ. ಒಂಬತ್ತನೆಯ ತಿಂಗಳು ಮುಗಿಯುವುದರೊಳಗೆ ನಿಲ್ಲಿಸುವುದು ನೆನಪಿದ್ದರೆ ನನಗೆ 99ರ ದಾರಿಯೇ ಸರಿ. ನೆನಪಿಲ್ಲದಿದ್ದರೆ ಆ 306ರ ಜೊತೆ ಇನ್ನೂ 741 ಹೋಗುತ್ತದೆ. ನಿನ್ನೆ ಹಗಲುದರೋಡೆ ಎಂದದ್ದನ್ನು ಅರ್ಧ ಹಿಂತೆಗೆದುಕೊಂಡೆ.

ಒಂದು ಪ್ರಶ್ನೆ. ನಾನು ಪ್ಲೇ ಸ್ಟೋರ್ ಮೂಲಕ ತೆಗೆದುಕೊಂಡರೆ?

ಹಳೆಯ ಪ್ರಸರಣ (7:25)

ದರ ತಿಳಿಯುವ ಮಟ್ಟಿಗೆ ಅದು ವಾಸಿ. ಕೊಳ್ಳುವ ಪರದೆಯಲ್ಲೇ ಇಂದು ಎಷ್ಟು, ಯಾವ ದಿನಾಂಕದಿಂದ ಎಷ್ಟು ಎಂದು ಎರಡು ಸಾಲು ಬರುತ್ತವೆ. ಎರಡನೆಯ ಸಾಲೇ ನಿಮಗೆ ಬೇಕಾದದ್ದು. ಐಫೋನ್ ಇರುವವರು ಆ್ಯಪ್ ಇಳಿಸಿಕೊಳ್ಳುವ ಮೊದಲೇ ಆಪ್ ಸ್ಟೋರಿನಲ್ಲಿ ಆ ಪತ್ರಿಕೆಯ ಪುಟದ ಕೆಳಭಾಗಕ್ಕೆ ಹೋದರೆ `In-App Purchases` ಎಂಬಲ್ಲಿ ಯೋಜನೆಗಳ ಹೆಸರು, ಬೆಲೆ ಪಟ್ಟಿಯಾಗಿ ಇರುತ್ತವೆ. ರದ್ದು ಮಾಡುವುದೂ ಸುಲಭ, ಸ್ಟೋರಿನ ಚಂದಾ ಪುಟದಲ್ಲಿ ಒಂದೇ ಗುಂಡಿ. ಪ್ಲೇ ಸ್ಟೋರಿನಲ್ಲಿ ಮೊದಲೇ ರದ್ದು ಮಾಡಿಟ್ಟರೂ ಕಟ್ಟಿದ ಅವಧಿ ಮುಗಿಯುವವರೆಗೆ ಓದಬಹುದು.

ಆದರೆ ಸ್ಟೋರಿನ ಬೆಲೆಯೂ ಜಾಲತಾಣದ ಬೆಲೆಯೂ ಒಂದೇ ಇರಬೇಕೆಂದಿಲ್ಲ. 99ರ ಕೊಡುಗೆ ಸ್ಟೋರಿನಲ್ಲಿ ಇಲ್ಲದೆಯೂ ಇರಬಹುದು. ಇನ್ನೊಂದು, ಪ್ಲೇ ಸ್ಟೋರ್ ಮೂಲಕ ಕಟ್ಟಿದರೆ ಒಪ್ಪಿಗೆ ಗೂಗಲ್ ಹೆಸರಿನಲ್ಲಿ ಇರುತ್ತದೆ. ಮುಂದೆ ಖಾತೆಯ ವಿವರದಲ್ಲಿ ಪತ್ರಿಕೆಯ ಹೆಸರು ಹುಡುಕಿದರೆ ಸಿಗದೆಯೂ ಇರಬಹುದು.

ಸಯ್ಯಾಜಿರಾವ್ ರಸ್ತೆ (8:10)

ನನ್ನ ಮಗಳು ವಿದೇಶಿ ಪತ್ರಿಕೆಯೊಂದಕ್ಕೆ ಕಾರ್ಡ್ ಮೂಲಕ ಸೇರಿದ್ದಾಳೆ. ಮೊದಲ ಆರು ತಿಂಗಳು ನಾಲ್ಕು ವಾರಕ್ಕೆ 4 ಡಾಲರ್, ಆಮೇಲೆ ನಾಲ್ಕು ವಾರಕ್ಕೆ 12 ಡಾಲರ್. ಅವರು ದರವನ್ನೇನೂ ಮುಚ್ಚಿಟ್ಟಿರಲಿಲ್ಲ. ನಾವೇ ‘ತಿಂಗಳಿಗೆ 12, ವರ್ಷಕ್ಕೆ 144’ ಎಂದು ಓದಿಕೊಂಡೆವು. ನಾಲ್ಕು ವಾರ ಎಂದರೆ ತಿಂಗಳಲ್ಲ, 28 ದಿನ. ವರ್ಷಕ್ಕೆ ಹದಿಮೂರು ಸಲ ಬರುತ್ತದೆ, 156 ಡಾಲರ್. ಕಡಿತದ ದಿನಾಂಕ ಪ್ರತಿ ಸಲ ಹಿಂದಕ್ಕೆ ಸರಿಯುತ್ತಾ ಬಂದು, ಒಂದು ತಿಂಗಳಲ್ಲಿ ಎರಡು ಸಲ ಹಣ ಹೋದಾಗ ಮೋಸವಾಯಿತೆಂದು ಬ್ಯಾಂಕಿಗೆ ದೂರು ಕೊಡಲು ಹೊರಟಿದ್ದೆವು. ಅದರ ಮೇಲೆ ಕಾರ್ಡ್‌ನವರು ವಿದೇಶಿ ಹಣ ಬದಲಾವಣೆಗೆಂದು ಶೇಕಡಾವಾರು ಬೇರೆ ಸೇರಿಸುತ್ತಾರೆ.

ಕಬ್ಬಿನೂರಿನವಳು (8:31)

ಹದಿಮೂರನೆಯ ತಿಂಗಳು! ನಮ್ಮ ಪೇಪರ್ ಹುಡುಗನಿಗೆ ಇದನ್ನು ಯಾರೂ ಹೇಳಿಕೊಡಬೇಡಿ.

ಚಾಮುಂಡಿ ಮೆಟ್ಟಿಲು (9:04)

ಹಾಗಾದರೆ ಯುಪಿಐ ಆ್ಯಪ್‌ನಲ್ಲೇ ಒಪ್ಪಿಗೆಯನ್ನು ರದ್ದು ಮಾಡಿದರೆ? ಇವತ್ತು 99 ಕಟ್ಟಿ, ನಾಳೆ ಸ್ವಯಂ ಪಾವತಿ ತೆಗೆದುಹಾಕುತ್ತೇನೆ. ಅವರು ಏನು ಮಾಡಿಯಾರು?

ಲೆಡ್ಜರ್ ಪುಟ (9:40)

ಈ ಸಲ ನಿಮ್ಮ ಮಾತು ಸರಿ. ಆ್ಯಪ್‌ನಲ್ಲಿ `Autopay` ಎಂಬ ಪಟ್ಟಿ ಇರುತ್ತದೆ, ಅದರಲ್ಲಿ ಪಾವತಿ ಸಂಸ್ಥೆಯ ಹೆಸರಿನಲ್ಲಿ ಇದು ಕಾಣುತ್ತದೆ. ಅಲ್ಲಿ ರದ್ದು ಮಾಡಿದರೆ ಮುಂದಿನ ಕಡಿತ ನಿಲ್ಲುತ್ತದೆ, ಅದಕ್ಕೆ ಪತ್ರಿಕೆಯ ಅಪ್ಪಣೆ ಬೇಕಿಲ್ಲ. ಆದರೆ ಅದು ಕೊಳಾಯಿ ಮುಚ್ಚಿದ ಹಾಗೆ ಅಷ್ಟೇ. ಪತ್ರಿಕೆಯ ಪುಸ್ತಕದಲ್ಲಿ ನೀವು ಇನ್ನೂ ಚಂದಾದಾರರು. ಆದ್ದರಿಂದ ಮೊದಲು ಪತ್ರಿಕೆಯ ಖಾತೆಯಲ್ಲಿ ನವೀಕರಣ ನಿಲ್ಲಿಸಿ, ರದ್ದಾಯಿತು ಎಂಬ ಇಮೇಲ್ ಇಟ್ಟುಕೊಂಡು, ಆಮೇಲೆ ಇಲ್ಲಿ ತೆಗೆಯಿರಿ. ಒಪ್ಪಿಗೆ ಹೋದದ್ದನ್ನು ಕಂಡು ಕೆಲವರು ಓದುವ ಸೌಲಭ್ಯವನ್ನು ಅವಧಿಗೆ ಮೊದಲೇ ನಿಲ್ಲಿಸಿದ್ದೂ ಉಂಟು.

ಹಳೆಯ ಪ್ರಸರಣ (9:58)

ರದ್ದು ಮಾಡಲು ಹೋದಾಗ ಮಧ್ಯದಲ್ಲಿ ಒಂದು ಪುಟ ತಡೆದು ನಿಲ್ಲಿಸಿ, ‘ಹೋಗಬೇಡಿ, ಅರ್ಧ ದರಕ್ಕೆ ಕೊಡುತ್ತೇವೆ’ ಎನ್ನಬಹುದು. ಓದಬೇಕೆಂದೇ ಇದ್ದವರಿಗೆ ಅದು ಒಳ್ಳೆಯದೇ. ಆದರೆ ಆ ಅರ್ಧ ದರಕ್ಕೂ ಒಂದು ಅವಧಿ ಇರುತ್ತದೆ, ಅದರ ಆಚೆ ಮತ್ತೆ ಪೂರ್ತಿ ದರ. ಮೇಷ್ಟ್ರ ಡೈರಿ ಮತ್ತೆ ತೆರೆಯಬೇಕು. ಅನೇಕರು ಆ ಪುಟವನ್ನು ನೋಡಿ ರದ್ದಾಯಿತೆಂದು ಮುಚ್ಚಿಬಿಡುತ್ತಾರೆ. ಕೊನೆಯ ದೃಢೀಕರಣದ ಗುಂಡಿ ಅದರ ಕೆಳಗೆ ಇರುತ್ತದೆ.

ಗಂಗೋತ್ರಿ ಓದುಗ (10:15)

ಇಂಥದ್ದಕ್ಕೆಲ್ಲ ಕಾನೂನು ಇದೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 13 ಬಗೆಯ ಕಪಟ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿದೆ, ಚಂದಾ ಬಲೆಯೂ ಅದರಲ್ಲಿ ಒಂದು. ಬೂದು ಅಕ್ಷರದ ಮೇಲೆ ದೂರು ಕೊಡಬಹುದು, 1915ಕ್ಕೆ ಕರೆ ಮಾಡಿ ಸರ್.

ಲೆಡ್ಜರ್ ಪುಟ (10:44)

ಪರೀಕ್ಷೆಗೆ ಓದಿದ್ದು ವ್ಯರ್ಥವಾಗಿಲ್ಲ. ಆದರೆ ಅಲ್ಲಿ ಚಂದಾ ಬಲೆ ಎಂದು ಹೇಳಿರುವುದು ಮುಖ್ಯವಾಗಿ ಬಿಡಿಸಿಕೊಳ್ಳುವ ದಾರಿಯ ಬಗ್ಗೆ: ರದ್ದು ಮಾಡುವುದನ್ನು ಕಷ್ಟ ಮಾಡುವುದು, ಗುಂಡಿ ಬಚ್ಚಿಡುವುದು, ಉಚಿತ ಚಂದಾಕ್ಕೂ ಪಾವತಿ ವಿವರ ಕೇಳುವುದು, ಹೀಗೆ. ಮೇಷ್ಟ್ರ ಪುಟದಲ್ಲಿ ನವೀಕರಣವಾಗುತ್ತದೆ ಎಂದು ಬರೆದಿದ್ದಾರೆ, ಅಂಕಿ ಬರೆದಿಲ್ಲ. ಅಂಕಿ ಇನ್ನೊಂದು ಪುಟದಲ್ಲಿ ಇದೆ. ಇದು ಬಚ್ಚಿಟ್ಟ ಹಾಗೆಯೇ, ಅಲ್ಲವೇ? ನಾನಂತೂ ಒಂದೇ ಮಾತಿನಲ್ಲಿ ಹೇಳಲಾರೆ.

ಗಂಗೋತ್ರಿ ಓದುಗ (10:50)

ಬೆಲೆಯನ್ನು ಮೊದಲೇ ಪೂರ್ತಿ ಹೇಳದೆ ಕಂತು ಕಂತಾಗಿ ಬಿಚ್ಚುವುದೂ ಆ 13ರಲ್ಲಿ ಇದೆ. ನಾನು ಅದರ ಅಡಿಯಲ್ಲಿ ವಾದಿಸುತ್ತೇನೆ.

ಲೆಡ್ಜರ್ ಪುಟ (10:53)

ವಾದಿಸು. ಪುಟದ ಚಿತ್ರ ತೆಗೆದಿಟ್ಟುಕೊಂಡು ವಾದಿಸು. ನಾಳೆ ಪುಟ ಬದಲಾಗಿರುತ್ತದೆ.

ಸರಸ್ವತಿಪುರಂ ಮೇಷ್ಟ್ರು (ಮಂಗಳವಾರ, ಬೆಳಿಗ್ಗೆ 6:40)

ರಾತ್ರಿ ಯೋಚಿಸಿ 99ಕ್ಕೇ ಸೇರಿದೆ. ಮೂರು ತಿಂಗಳು ಓದಿ ನೋಡುತ್ತೇನೆ, ಹಿಡಿಸಿದರೆ ಅವಧಿ ಮುಗಿಯುವ ಮೊದಲು ವಾರ್ಷಿಕ ಯೋಜನೆಗೆ ಬದಲಾಯಿಸಿಕೊಳ್ಳುತ್ತೇನೆ. ಕೊಡುಗೆಯ ಪುಟ, ಯೋಜನೆಗಳ ಪುಟ, ಒಪ್ಪಿಗೆಯ ಪರದೆ, ಮೂರರ ಚಿತ್ರವನ್ನೂ ಅವರ ಇಮೇಲನ್ನೂ ಒಂದೇ ಕಡೆ ಇಟ್ಟಿದ್ದೇನೆ. ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ಕಂತಿನ ದಿನಕ್ಕೆ ಒಂದು ವಾರ ಮೊದಲಿನ ಚೌಕದಲ್ಲಿ ಕೆಂಪು ಶಾಯಿಯಿಂದ ‘1,047’ ಎಂದು ಬರೆದೆ. ಮನೆಯವರು ಅದೇನೆಂದು ಕೇಳಿದರು. ‘ಪೇಪರ್’ ಎಂದೆ. ಅವರು ಅದರ ಪಕ್ಕದಲ್ಲಿ ಪೆನ್ಸಿಲಿನಿಂದ ‘ಗ್ಯಾಸ್’ ಎಂದು ಬರೆದು ಹೋದರು.

ಒಂದು ಮಾತ್ರ ಅರ್ಥವಾಗಲಿಲ್ಲ. ವಾರ್ಷಿಕ ಯೋಜನೆಯ 2,499ರ ಕೆಳಗೂ ಅದೇ ಬೂದು ಸಾಲು ಇದೆ. ಹಾಗಾದರೆ ಎರಡನೆಯ ವರ್ಷಕ್ಕೆ ಅದೂ ಪರಿಚಯದ ದರವೇ?

ಹಳೆಯ ಪ್ರಸರಣ (7:15)

ಆ ಬೆಲೆಯ ಪಕ್ಕದಲ್ಲಿ ಗೆರೆ ಹೊಡೆದ ಅಂಕಿ ಇದೆಯೇ, ‘ಮೊದಲ ವರ್ಷ’ ಎಂಬ ಮಾತಿದೆಯೇ ನೋಡಿ ಹೇಳಿ. ಇದ್ದರೆ ಇನ್ನೊಂದು ಇಮೇಲ್ ಬರೆಯಬೇಕಾಗುತ್ತದೆ.